ಉದ್ರಿ ಪುಸ್ತಕದಲ್ಲಿ 27 ರೂಪಾಯಿ ವ್ಯತ್ಯಾಸ, ಅಳಿಯ ಹೇಳಿದ "ಒಂಬತ್ತರ ಮಗ್ಗಿ" – ಇದು ಯಾವಾಗಲೂ ನಿಜವಾ?

ಹುಬ್ಬಳ್ಳಿ ಮಾಮಾ

ಎಲ್ಲರಿಗೂ ನಮಸ್ಕಾರ. ಗಣಿತ ಗೊತ್ತಿರುವವರು ಸ್ವಲ್ಪ ಓದಿ ಹೇಳ್ರಿ.

ನಮ್ಮ ಅಕ್ಕನ ಮನೆ ಸವಣೂರು ತಾಲೂಕಿನ ಒಂದು ಹಳ್ಳಿಯಲ್ಲಿ. ಮನೆ ಮುಂದೆಯೇ ಸಣ್ಣ ಕಿರಾಣಿ ಅಂಗಡಿ ಇದೆ. ಉದ್ರಿ ಜಾಸ್ತಿ. ಅಂಗಡಿಯಲ್ಲಿ ಒಂದು ದೊಡ್ಡ ಪುಸ್ತಕ, ಗಿರಾಕಿಗಳ ಕೈಯಲ್ಲಿ ಒಂದೊಂದು ಸಣ್ಣ ಪುಸ್ತಕ. ಸಾಮಾನು ಕೊಟ್ಟಾಗ ಎರಡರಲ್ಲೂ ಬರೆಯಬೇಕು. ಸಂಜೆ ಅಂಗಡಿಯಲ್ಲಿ ಕೂರುವವನು ಅಕ್ಕನ ಮಗ, ಏಳನೇ ಕ್ಲಾಸು.

ಹೋದ ತಿಂಗಳು ಒಂದು ಮನೆಯ ಲೆಕ್ಕ ಕೂಡಲಿಲ್ಲ. ಅಂಗಡಿ ಪುಸ್ತಕದಲ್ಲಿ ಹೀಗಿತ್ತು: 85, 40, 126, 63, 210, 74, 32. ಒಟ್ಟು 630. ಅವರ ಪುಸ್ತಕದಲ್ಲಿ 603. ಇಪ್ಪತ್ತೇಳು ರೂಪಾಯಿ ಫರಕು. ಆ ಮನೆಯ ಅಜ್ಜಿ ಬಂದು "ನಿನ್ನ ಮಗ ನಮಗ ಟೋಪಿ ಹಾಕ್ತಾನ" ಎಂದು ಅಕ್ಕನಿಗೆ ಅಂದುಬಿಟ್ಟರು. ಭಾವ ಹುಡುಗನ ಮೇಲೆ ರೇಗಿದರು. ಎರಡೂ ಪುಸ್ತಕ ಪಕ್ಕದಲ್ಲಿಟ್ಟು ನೋಡಿದರೆ ಅಲ್ಲಿ 58, ಇಲ್ಲಿ 85. ಅವತ್ತು ಒಯ್ದಿದ್ದು ಚಹಾಪುಡಿ 45, ಬೆಲ್ಲ 30, ಸೋಪು 10. ಅಂದರೆ 85 ಸರಿ, ಅಜ್ಜಿಯ ಪುಸ್ತಕದಲ್ಲಿ ಹುಡುಗ ಅಂಕಿ ತಿರುಗಿಸಿ ಬರೆದಿದ್ದ.

ಅಲ್ಲಿಗೆ ಮುಗಿಯಬೇಕಿತ್ತು. ಇವನು ಬಿಡಲಿಲ್ಲ. ಹಳೇ ತಪ್ಪುಗಳನ್ನೆಲ್ಲ ಹುಡುಕಿ ತೆಗೆದ. ಒಮ್ಮೆ 18, ಒಮ್ಮೆ 45, ಮತ್ತೊಮ್ಮೆ 27. ಆಮೇಲೆ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ತನಗೆ ತೋಚಿದ ಸಂಖ್ಯೆಗಳನ್ನೆಲ್ಲ ತಿರುಗಿಸಿ ಕಳೆದಿದ್ದಾನೆ. ನಾನು ಹೋದಾಗ ತೋರಿಸಿ, "ಮಾಮಾ, ಎಲ್ಲಾ ಒಂಬತ್ತರ ಮಗ್ಗ್ಯಾಗ ಬರ್ತಾವು ನೋಡು. ಆದ್ರ ಎಂಬತ್ತೊಂದು ಮಾತ್ರ ಬರಂಗಿಲ್ಲ" ಎಂದ. ಶಾಲೆಯಲ್ಲಿ ಕೇಳಿದರೆ "ಅದೆಲ್ಲ ಹಳೇದು, ಮೊದಲು ಹೋಂವರ್ಕ್ ಮುಗಿಸು" ಎಂದರಂತೆ.

ನನ್ನ ಪ್ರಶ್ನೆ ಎರಡು. ಇದು ಯಾವಾಗಲೂ ನಿಜವಾ, ಇಲ್ಲಾ ಅವನು ನೋಡಿದ ಸಂಖ್ಯೆಗಳಿಗೆ ಮಾತ್ರವಾ? ಮತ್ತೆ, ಎಕ್ಸ್ ವೈ ಇಲ್ಲದೆ ಅವನಿಗೆ ಕಾರಣ ಹೇಳೋದು ಹೇಗೆ?

ಗಿರ್ಮಿಟ್

90 ತಿರುಗಿಸಿದರೆ 09. ಕಳೆದರೆ 81. ಹುಡುಗನಿಗೆ ಹೇಳಿ, ಎಂಬತ್ತೊಂದೂ ಸಿಕ್ಕಿತು.

ಹುಬ್ಬಳ್ಳಿ ಮಾಮಾ

ಫೋನಿನಲ್ಲಿ ಹೇಳಿದೆ. "ಸೊನ್ನೆ ಮುಂದ ಬಂದ್ರ ನಡೀತದನು?" ಎಂದು ನನ್ನನ್ನೇ ಕೇಳುತ್ತಾನೆ.

ಗಿರ್ಮಿಟ್

ನಡೀತದ. ಲೆಕ್ಕಕ್ಕೆ 9 ಅಂತ ಇಟ್ಟುಕೊಂಡರಾಯಿತು.

ಶುಭಾಂಕ ಒಂಬತ್ತು

ಇದರಲ್ಲಿ ಆಶ್ಚರ್ಯ ಏನಿದೆ? ಒಂಬತ್ತು ಪೂರ್ಣ ಸಂಖ್ಯೆ. ನವಗ್ರಹ, ನವರಾತ್ರಿ, ನವಧಾನ್ಯ. ಒಂಬತ್ತನ್ನು ಯಾವುದರಿಂದ ಗುಣಿಸಿದರೂ ಅಂಕಿ ಕೂಡಿದರೆ ಮತ್ತೆ ಒಂಬತ್ತೇ ಬರುತ್ತದೆ. ಬೇರೆ ಯಾವ ಸಂಖ್ಯೆಗೂ ಈ ಶಕ್ತಿ ಇಲ್ಲ. ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು.

ಸಪ್ತಾಪುರದವ

ಶಕ್ತಿ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಮಾಮಾ ಅವರ ಪ್ರಶ್ನೆ.

ಯಾವಾಗಲೂ ನಿಜ. ಎಷ್ಟು ಅಂಕಿಯ ಸಂಖ್ಯೆ ಇದ್ದರೂ ನಿಜ. ಹುಡುಗನಿಗೆ ಗಲ್ಲಾಪೆಟ್ಟಿಗೆಯಿಂದಲೇ ತೋರಿಸಿ. 85 ರೂಪಾಯಿ ಎಂದರೆ ಹತ್ತರ ನೋಟು ಎಂಟು, ಒಂದು ರೂಪಾಯಿ ನಾಣ್ಯ ಐದು. 58 ಎಂದರೆ ನೋಟು ಐದು, ನಾಣ್ಯ ಎಂಟು. ಕೈಯಲ್ಲಿರುವ ತುಂಡುಗಳು ಎರಡೂ ಕಡೆ ಹದಿಮೂರೇ. ಹಾಗಾದರೆ ಆಗಿದ್ದೇನು? ಮೂರು ಹತ್ತರ ನೋಟು ಹೋಗಿ ಅವುಗಳ ಜಾಗದಲ್ಲಿ ಮೂರು ಒಂದು ರೂಪಾಯಿ ನಾಣ್ಯ ಬಂದವು. ಒಂದು ನೋಟು ಕೊಟ್ಟು ಒಂದು ನಾಣ್ಯ ತಗೊಂಡರೆ ಒಂಬತ್ತು ರೂಪಾಯಿ ಲುಕ್ಸಾನು. ಮೂರು ಸಲ ಹಾಗೆ ಮಾಡಿದರೆ ಇಪ್ಪತ್ತೇಳು. ಮುಗಿಯಿತು.

ಮೂರು ಸಲ ಯಾಕೆ? 8 ಮತ್ತು 5ರ ನಡುವೆ ಮೂರು ಇದೆ, ಅದಕ್ಕೆ. ಹಾಗಾಗಿ ಫರಕನ್ನು ಒಂಬತ್ತರಿಂದ ಭಾಗಿಸಿದರೆ ಎರಡು ಅಂಕಿಗಳ ನಡುವಿನ ಅಂತರ ಸಿಗುತ್ತದೆ. ಇದನ್ನು ಅವನಿಗೆ ನೀವು ಹೇಳಬೇಡಿ. ಅವನೇ ಹುಡುಕಲಿ.

ನೂರರ ನೋಟು ಬಂದರೂ ಕತೆ ಇದೇ. ನೂರು ಹೋಗಿ ಒಂದು ಬಂದರೆ 99 ಲುಕ್ಸಾನು, ನೂರು ಹೋಗಿ ಹತ್ತು ಬಂದರೆ 90. ಎಲ್ಲಾ ಒಂಬತ್ತರ ಮಗ್ಗಿಯೊಳಗೇ.

ಮೂರನೇ ಬೆಂಚು

ಸರ್, ಎಂಟನೇ ಕ್ಲಾಸಿನಲ್ಲಿ ನಾವು ಇದನ್ನೇ a, b ಹಾಕಿ ಮಾಡಿದ್ದೆವು. 10a + b − (10b + a) = 9(a − b). ಮಾರ್ಕ್ಸ್ ಬಂತು. ನೋಟು ನಾಣ್ಯ ಅಂತ ಯಾರೂ ಹೇಳಿರಲಿಲ್ಲ.

ಅಡತಿ ಗುಮಾಸ್ತ

ಹುಡುಗ ಕಂಡುಹಿಡಿದಿದ್ದನ್ನು ನಾವು ದಿನಾ ಅನ್ನ ತಿನ್ನೋಕೆ ಬಳಸುತ್ತೇವೆ ಸ್ವಾಮಿ. ನಾನು ಬ್ಯಾಡಗಿ ಮಾರುಕಟ್ಟೆಯಲ್ಲಿ ಅಡತಿ ಅಂಗಡಿಯ ಲೆಕ್ಕ ಬರೆಯುವವನು. ಮೆಣಸಿನಕಾಯಿ ಸೀಸನ್‌ನಲ್ಲಿ ರಾತ್ರಿ ತಾಳೆ ಬೀಳದಿದ್ದರೆ ಮನೆಗೆ ಹೋಗುವಂತಿಲ್ಲ. ಫರಕು ಬಂದ ತಕ್ಷಣ ಮೊದಲು ಮಾಡುವ ಕೆಲಸ ಒಂಬತ್ತರಿಂದ ಭಾಗಿಸುವುದು. ಶೇಷ ಉಳಿಯದಿದ್ದರೆ ಅಂಕಿ ಅದಲು ಬದಲಾಗಿದೆ ಎಂದು ಅನುಮಾನ.

ನಿಮ್ಮ ಲೆಕ್ಕವನ್ನೇ ತಗೊಳ್ಳಿ. ಫರಕು 27. ಒಂಬತ್ತರಿಂದ ಭಾಗಿಸಿದರೆ 3. ಅಂದರೆ ಮೂರರ ಅಂತರ ಇರುವ ಅಂಕಿ ಜೋಡಿ ಎಲ್ಲಿದೆ ನೋಡಬೇಕು. 40ರಲ್ಲಿ ಅಂತರ ನಾಲ್ಕು, ಬಿಡಿ. 32ರಲ್ಲಿ ಒಂದು, ಬಿಡಿ. 126ರ ಕೊನೆಯ ಎರಡು ಅಂಕಿಯಲ್ಲಿ ನಾಲ್ಕು, 210ರಲ್ಲಿ ಒಂದು, ಅವೂ ಬಿಡಿ. ಉಳಿದಿದ್ದು 85, 63, 74. ಏಳು ಸಾಲು ನೋಡುವ ಬದಲು ಮೂರು ಸಾಲು. ನಿಮ್ಮದು ಸಣ್ಣ ಪಟ್ಟಿ, ಉಪಯೋಗ ಕಾಣಿಸುವುದಿಲ್ಲ. ನಮ್ಮಲ್ಲಿ ಒಂದು ದಿನದ ಹಾಳೆಗಳ ಮೇಲೆ ಹಾಳೆ ಇರುತ್ತವೆ, ಆಗ ಗೊತ್ತಾಗುತ್ತದೆ ಇದರ ಬೆಲೆ.

ಫರಕಿನ ಕೊನೆಗೆ ಸೊನ್ನೆ ಇದ್ದರೆ ಇನ್ನೊಂದು ಸುಳಿವು. 1640 ಅಂತ ಬರೆಯಬೇಕಾದಲ್ಲಿ 1460 ಬರೆದರೆ ಫರಕು 180. ಒಂಬತ್ತರಿಂದ ಭಾಗಿಸಿದರೆ 20. ಅಂತರ ಎರಡು, ಬಿಡಿ ಸ್ಥಾನದಲ್ಲಿ ಗಡಿಬಿಡಿ ಇಲ್ಲ, ನೂರು ಹತ್ತರ ಜಾಗದಲ್ಲಿ ಇದೆ. ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಗಿರ್ಮಿಟ್

ಒಂದು ನಿಮಿಷ. ಯಾರೂ ಗಮನಿಸಲಿಲ್ವಾ? 630 ಮತ್ತು 603. ಒಟ್ಟು ಮೊತ್ತವೇ ಅದಲು ಬದಲು! ಅಜ್ಜಿಯ ಪುಸ್ತಕದಲ್ಲಿ ಒಟ್ಟು ಬರೆಯುವಾಗಲೇ ತಪ್ಪಾಗಿದ್ದರೆ?

ಅಡತಿ ಗುಮಾಸ್ತ

ಭಲೇ. ಅನುಭವ ಇರುವವರೂ ಅಲ್ಲಿ ಎಡವುತ್ತಾರೆ. ಅದಕ್ಕೇ ನಮ್ಮ ಸೇಠಜಿ ಸಾಲು ನೋಡುವ ಮೊದಲು ಮೊತ್ತವನ್ನು ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಕೂಡಿಸುತ್ತಿದ್ದರು.

ಹುಬ್ಬಳ್ಳಿ ಮಾಮಾ

ಇಲ್ಲ, ಮೊತ್ತ ಸರಿ ಇತ್ತು. 58 ಇಟ್ಟು ಕೂಡಿದರೆ 603 ಬರುತ್ತದೆ. ಸಾಲಿನಲ್ಲೇ ತಪ್ಪು. ಆದರೆ ಈಗ ನನಗೂ ತಮಾಷೆ ಅನಿಸುತ್ತಿದೆ, ಒಂದು ಅದಲು ಬದಲು ಇನ್ನೊಂದು ಅದಲು ಬದಲಾಗಿ ಕಾಣಿಸಿಕೊಂಡಿದೆ.

ರಾಣೇಬೆನ್ನೂರು ಬಸ್

ನನ್ನ ಕತೆ ಕೇಳಿ. ತಮ್ಮನ ಮೊಬೈಲಿಗೆ ರೀಚಾರ್ಜ್ ಮಾಡಿಸುವಾಗ ಅಂಗಡಿಯವನು ನಂಬರಿನ ಎರಡು ಅಂಕಿ ಹಿಂದೆಮುಂದೆ ಒತ್ತಿದ. ದುಡ್ಡು ಯಾರದ್ದೋ ಫೋನಿಗೆ ಹೋಯಿತು. ಕೇಳಿದರೆ "ನೀವೇ ಹಾಗೆ ಹೇಳಿದಿರಿ" ಎಂದ. ಆ ನಂಬರಿಗೆ ಫೋನ್ ಮಾಡಿದರೆ ಒಬ್ಬ ಅಮ್ಮ "ದೇವರು ಒಳ್ಳೇದು ಮಾಡ್ಲಿ" ಎಂದು ಇಟ್ಟುಬಿಟ್ಟರು. ಈ ಒಂಬತ್ತರ ಲೆಕ್ಕದಿಂದ ನನ್ನ ದುಡ್ಡು ವಾಪಸ್ ಬರುತ್ತದಾ?

ಮೂರನೇ ಬೆಂಚು

ಬರಲ್ಲ ಅಣ್ಣ 😄 ಆದರೆ ಎರಡು ನಂಬರುಗಳ ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದೆ, ಅಷ್ಟು ಸಮಾಧಾನ.

ಶುಭಾಂಕ ಒಂಬತ್ತು

ಇಷ್ಟೆಲ್ಲ ಯಾಕೆ? ನಾನು ಹೇಳಿದ ಹಾಗೆ ಅಂಕಿ ಕೂಡಿ ನೋಡಿ. ನಮ್ಮ ಮಾಸ್ತರರು ಹೇಳಿಕೊಟ್ಟ ತಾಳೆ ಅದೇ. ಪ್ರತಿ ಸಂಖ್ಯೆಯ ಅಂಕಿ ಕೂಡಿ ಒಂದಂಕಿಗೆ ಇಳಿಸಿ, ಅವುಗಳನ್ನು ಕೂಡಿ, ಮೊತ್ತಕ್ಕೂ ಹಾಗೇ ಮಾಡಿ. ಎರಡೂ ಕೂಡಿದರೆ ಲೆಕ್ಕ ಸರಿ. ಹುಡುಗ ಬರೆದ ಕೂಡಲೇ ಹೀಗೆ ನೋಡಿದ್ದರೆ ತಪ್ಪು ಅವತ್ತೇ ಸಿಗುತ್ತಿತ್ತು.

ಸಪ್ತಾಪುರದವ

ಇಲ್ಲೇ ಸ್ವಾರಸ್ಯ ಇರೋದು. ನಿಮ್ಮ ತಾಳೆ ಒಳ್ಳೆಯದೇ, ಆದರೆ ಈ ತಪ್ಪಿಗೆ ಅದು ಕುರುಡು. 85ರ ಅಂಕಿ ಕೂಡಿ: 13, ಮತ್ತೆ ಕೂಡಿ 4. 58ರದ್ದು? ಅದೂ 13, ಅದೂ 4. ಅಂಕಿಗಳು ಅವೇ ತಾನೆ, ಜಾಗ ಮಾತ್ರ ಬೇರೆ. 630ಕ್ಕೂ 9, 603ಕ್ಕೂ 9. ಅಜ್ಜಿಯ ಪುಸ್ತಕಕ್ಕೆ ನಿಮ್ಮ ತಾಳೆ ಹಾಕಿದರೆ "ಎಲ್ಲ ಸರಿ" ಎನ್ನುತ್ತದೆ.

ಎರಡೂ ಒಂದೇ ವಿಷಯದ ಎರಡು ಮುಖ. ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷ ಅಂಕಿಗಳ ಮೊತ್ತವನ್ನು ಮಾತ್ರ ನೋಡುತ್ತದೆ, ಜಾಗ ನೋಡುವುದಿಲ್ಲ. ಹಾಗಾಗಿ ಸಂಖ್ಯೆಗೂ ತಿರುಗಿಸಿದ ಸಂಖ್ಯೆಗೂ ಶೇಷ ಒಂದೇ. ಒಂದರಿಂದ ಇನ್ನೊಂದು ಕಳೆದರೆ ಶೇಷ ಸೊನ್ನೆ. ಯಾವ ಕಾರಣಕ್ಕೆ ನಿಮ್ಮ ತಾಳೆ ತಪ್ಪನ್ನು ಹಿಡಿಯುವುದಿಲ್ಲವೋ, ಅದೇ ಕಾರಣಕ್ಕೆ ಹುಡುಗನ ಫರಕು ಒಂಬತ್ತರ ಮಗ್ಗಿಯಲ್ಲಿ ಬೀಳುತ್ತದೆ.

ಇನ್ನೂ ಒಂದು. ಪೂರ್ತಿ ತಿರುಗಿಸಲೇಬೇಕು ಎಂದಿಲ್ಲ. 1640ರ ಅಂಕಿಗಳನ್ನು ಹೇಗೆ ಬೇಕಾದರೂ ಕಲಸಿ, ಫರಕು ಒಂಬತ್ತರ ಮಗ್ಗಿಯಲ್ಲೇ ಇರುತ್ತದೆ.

ಶುಭಾಂಕ ಒಂಬತ್ತು

ಅಂದರೆ ಒಂಬತ್ತಿಗೆ ಶಕ್ತಿ ಇದೆ ಎಂದು ನೀವೇ ಒಪ್ಪಿದಿರಿ.

ಬೆಟಗೇರಿ ಮಗ್ಗದ ಮನೆ

ಒಪ್ಪುವ ಮೊದಲು ನಮ್ಮ ಮನೆಯ ಕತೆ ಕೇಳಿ. ನಮ್ಮದು ಬೆಟಗೇರಿಯಲ್ಲಿ ನೇಕಾರರ ಮನೆ. ಅಜ್ಜ ನೂಲಿನ ಲೆಕ್ಕ ಬರೆದಿಟ್ಟ ಪುಸ್ತಕಗಳು ಅಟ್ಟದ ಮೇಲೆ ಇನ್ನೂ ಇವೆ. ಅದರಲ್ಲಿ ರೂಪಾಯಿ, ಆಣೆ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬರುವ ತನಕ ಹದಿನಾರು ಆಣೆಗೆ ಒಂದು ರೂಪಾಯಿ ತಾನೆ. ಈ ಚರ್ಚೆ ಓದಿ ಒಂದು ಪುಸ್ತಕ ಇಳಿಸಿಕೊಂಡು ಕೂತೆ. ಧೂಳು ಝಾಡಿಸಿದ್ದಕ್ಕೆ ಸೀನು ಬಂದಿದ್ದೇ ಬಂದಿದ್ದು.

ಒಂದು ಕಡೆ 7 ರೂಪಾಯಿ 3 ಆಣೆ ಅಂತ ಬರೆದು ಕಾಟು ಹೊಡೆದು ಪಕ್ಕದಲ್ಲಿ 3 ರೂಪಾಯಿ 7 ಆಣೆ ಎಂದು ತಿದ್ದಿದ್ದಾರೆ. ಅಜ್ಜನೂ ಅದಲು ಬದಲು ಮಾಡಿದ್ದರು ಪಾಪ. ಫರಕು ಎಷ್ಟು? 3 ರೂಪಾಯಿ 12 ಆಣೆ. ಆಣೆಯಲ್ಲಿ ಹೇಳಿದರೆ 60. ಅರವತ್ತು ಒಂಬತ್ತರ ಮಗ್ಗಿಯಲ್ಲಿ ಎಲ್ಲಿದೆ?

ಸಪ್ತಾಪುರದವ

ಅಕ್ಕಾವ್ರೇ, ನನ್ನ ಕ್ಲಾಸಿನಲ್ಲಿ ಈ ಉದಾಹರಣೆ ಕದಿಯುತ್ತೇನೆ, ಈಗಲೇ ಹೇಳಿಬಿಟ್ಟೆ.

ಅರವತ್ತು ಹದಿನೈದರ ಮಗ್ಗಿಯಲ್ಲಿದೆ. ಹದಿನೈದು ನಾಲ್ಕಲೆ ಅರವತ್ತು, ಮತ್ತು 7ಕ್ಕೂ 3ಕ್ಕೂ ಅಂತರ ನಾಲ್ಕು. ಇಲ್ಲಿ ಒಂದು ರೂಪಾಯಿ ಹೋಗಿ ಒಂದು ಆಣೆ ಬಂದರೆ ಲುಕ್ಸಾನು ಹದಿನೈದು ಆಣೆ. ಹದಿನಾರರಲ್ಲಿ ಒಂದು ಕಡಿಮೆ. ನಮ್ಮ ಅಂಕಿಗಳು ಹತ್ತರ ಗುಂಪಿನಲ್ಲಿ ಹೋಗುತ್ತವೆ, ಅದಕ್ಕೇ ಒಂಬತ್ತು. ಡಜನ್ ಲೆಕ್ಕದಲ್ಲಿ 5 ಡಜನ್ 2 ಬಾಳೆಹಣ್ಣು ಹೋಗಿ 2 ಡಜನ್ 5 ಆದರೆ ಫರಕು 33, ಹನ್ನೊಂದರ ಮಗ್ಗಿ.

ಬೆಟಗೇರಿ ಮಗ್ಗದ ಮನೆ

ನಾಲ್ಕು ಪಾವಿಗೆ ಒಂದು ಸೇರು. ಅಲ್ಲಿ ಮೂರು ಅಲ್ವಾ?

ಸಪ್ತಾಪುರದವ

ಮೂರೇ. ಆದರೆ ಆಣೆಗೆ ಒಂದು ಮಿತಿ ಇದೆ, 15ರ ತನಕ ಮಾತ್ರ ಬರೆಯಬಹುದು. 20 ರೂಪಾಯಿ 3 ಆಣೆಯನ್ನು ತಿರುಗಿಸಿ 3 ರೂಪಾಯಿ 20 ಆಣೆ ಎಂದು ಯಾರೂ ಬರೆಯುವುದಿಲ್ಲ, ಬರೆದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಪಾವಿನಲ್ಲಂತೂ 3ರ ಆಚೆ ಜಾಗವೇ ಇಲ್ಲ.

ಶುಭಾಂಕ ಒಂಬತ್ತು

ಆಣೆ ಬ್ರಿಟಿಷರು ಮಾಡಿದ್ದು. ಹತ್ತರ ಲೆಕ್ಕ ನಮ್ಮದು. ಹತ್ತನ್ನು ಯಾಕೆ ಆರಿಸಿಕೊಂಡರು ಎಂದು ಯೋಚಿಸಿ.

ಗಿರ್ಮಿಟ್

ಕೈಯಲ್ಲಿ ಹತ್ತು ಬೆರಳಿವೆ ಅಂತ.

ಬೆಟಗೇರಿ ಮಗ್ಗದ ಮನೆ

ಆಣೆ ಬ್ರಿಟಿಷರದ್ದಲ್ಲ ಸರ್, ಮೊಗಲರ ಕಾಲಕ್ಕೂ ಇತ್ತು. ಇರಲಿ, ಜಗಳ ಬೇಡ.

ಅಡತಿ ಗುಮಾಸ್ತ

ನಾನೊಂದು ಎಚ್ಚರಿಕೆ ಹೇಳಲೇಬೇಕು, ಇಲ್ಲದಿದ್ದರೆ ಹುಡುಗ ಒಂಬತ್ತು ಕಂಡ ಕಡೆಯೆಲ್ಲ ಅದಲು ಬದಲು ಎಂದು ಕೂತುಬಿಡುತ್ತಾನೆ. ಅದಲು ಬದಲಾದರೆ ಫರಕು ಒಂಬತ್ತರಿಂದ ಭಾಗವಾಗುತ್ತದೆ, ಸರಿ. ಆದರೆ ಭಾಗವಾಯಿತು ಎಂದ ಮಾತ್ರಕ್ಕೆ ಅದಲು ಬದಲೇ ಆಗಿದೆ ಎಂದಲ್ಲ.

ನಮ್ಮಲ್ಲಿ ಒಮ್ಮೆ 405 ಫರಕು ಬಂತು. ಹೊಸ ಹುಡುಗ ರಾತ್ರಿ ಹತ್ತರ ತನಕ ಅದಲು ಬದಲು ಹುಡುಕಿದ. ಸಿಗಲಿಲ್ಲ. ಆಗಿದ್ದು ಏನೆಂದರೆ 450 ಬರೆಯುವಲ್ಲಿ 45 ಬರೆದು ಸೊನ್ನೆ ಬಿಟ್ಟಿದ್ದ. ಹತ್ತು ಪಾಲಿನಲ್ಲಿ ಒಂದು ಪಾಲು ಉಳಿದರೆ ಹೋಗಿದ್ದು ಒಂಬತ್ತು ಪಾಲು ತಾನೆ? ಹಾಗಾಗಿ ಅದೂ ಒಂಬತ್ತರಿಂದ ಭಾಗವಾಗುತ್ತದೆ. ಆಗ ಭಾಗಲಬ್ಧವನ್ನೇ ಪುಸ್ತಕದಲ್ಲಿ ಹುಡುಕಬೇಕು. 405ನ್ನು ಒಂಬತ್ತರಿಂದ ಭಾಗಿಸಿದರೆ 45, ಪುಸ್ತಕದಲ್ಲಿ 45 ಎಲ್ಲಿದೆ ನೋಡು, ಅಷ್ಟೆ. ಅವನು 45 ಎಂಬ ಸಾಲಿನ ಮೇಲೆ ಎಷ್ಟು ಸಲ ಬೆರಳಾಡಿಸಿದ್ದನೋ.

ಮತ್ತೆ ಎರಡು ತಪ್ಪು ಸೇರಿದರೆ ಕೆಲಸ ಕೆಡುತ್ತದೆ. ಒಂದು ಕಡೆ 27 ಜಾಸ್ತಿ, ಇನ್ನೊಂದು ಕಡೆ 18 ಕಡಿಮೆ ಆದರೆ ಕಾಣೋದು 9. ಭಾಗವಾಗುತ್ತದೆ, ಆದರೆ ಒಂದರ ಅಂತರ ಇರುವ ಜೋಡಿ ಹುಡುಕಿದರೆ ಬೆಳಗಾದರೂ ಸಿಗುವುದಿಲ್ಲ.

ಏನೂ ಸಂಬಂಧವಿಲ್ಲದ ತಪ್ಪೂ ಒಂಬತ್ತಕ್ಕೆ ಒಂದು ಸಲ ಸುಮ್ನೆ ಭಾಗವಾಗಿಬಿಡುತ್ತದೆ. ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ.

ರಾಣೇಬೆನ್ನೂರು ಬಸ್

ಹಾಗಾದರೆ ಇಷ್ಟೊಂದು ಬುದ್ಧಿವಂತರು ಇದ್ದೂ ಮೊಬೈಲ್ ನಂಬರಿಗೆ ಯಾಕೆ ಯಾರೂ ಏನೂ ಮಾಡಲಿಲ್ಲ?

ಮೂರನೇ ಬೆಂಚು

ಆಧಾರ್ ನಂಬರಿಗೆ ಮಾಡಿದ್ದಾರೆ. ಹನ್ನೆರಡು ಅಂಕಿಯಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ಇಟ್ಟಿರುತ್ತಾರೆ. ವೆರ್‌ಹೋಫ್ ಎಂಬುವರ ವಿಧಾನ. ಪಕ್ಕಪಕ್ಕದ ಎರಡು ಅಂಕಿ ಅದಲು ಬದಲಾದರೆ ಹಿಡಿಯುತ್ತದೆ. ಬರೀ ಅಂಕಿ ಕೂಡುವ ತಾಳೆ ಇಟ್ಟಿದ್ದರೆ ಹಿಡಿಯುತ್ತಿರಲಿಲ್ಲ, ಮೇಲೆ ಸರ್ ಹೇಳಿದ ಕಾರಣಕ್ಕೆ. ಅದು ಪ್ರತಿ ಅಂಕಿ ಯಾವ ಜಾಗದಲ್ಲಿದೆ ಎನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ.

ಮೊಬೈಲ್ ನಂಬರಿನಲ್ಲಿ ಅಂಥ ಅಂಕಿ ಇಲ್ಲ. ಯಾವ ನಂಬರ್ ಒತ್ತಿದರೂ ಅದು ಯಾರದ್ದೋ ಇರಬಹುದು.

ರಾಣೇಬೆನ್ನೂರು ಬಸ್

ಆ ಅಮ್ಮನಿಗೆ ಹೇಳ್ರಿ ಇದನ್ನ.

ಹುಬ್ಬಳ್ಳಿ ಮಾಮಾ

ನಿನ್ನೆ ಹಳ್ಳಿಗೆ ಹೋಗಿದ್ದೆ. ನೋಟು ನಾಣ್ಯ ತೋರಿಸಿದೆ. ಗಲ್ಲಾದ ಹತ್ತರ ನೋಟುಗಳನ್ನು ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟ. ಎಂಟು ನೋಟು, ಐದು ನಾಣ್ಯ. ನಾನು ಒಂದು ನೋಟು ಎತ್ತಿ ಒಂದು ನಾಣ್ಯ ಇಟ್ಟೆ. "ಒಂಬತ್ತು ಹೋತು" ಎಂದ. ಇನ್ನೊಂದು ಎತ್ತುವ ಮೊದಲೇ ಕೈ ಹಿಡಿದು, "ತಡಿ ಮಾಮಾ, ಗೊತ್ತಾತು, ಗೊತ್ತಾತು" ಎಂದು ಒಳಗೆ ಓಡಿ ಪುಸ್ತಕ ತಂದ. ಅಷ್ಟರಲ್ಲಿ ಭಾವ ಬಂದು "ಗಲ್ಲಾ ಯಾಕ ಬಿಚ್ಚಿಟ್ಟೀರಿ" ಎಂದು ಎಲ್ಲವನ್ನೂ ಬಾಚಿಕೊಂಡು ಒಳಗೆ ಹಾಕಿದರು.

ಆಮೇಲೆ ಅವನು ಮೂರಂಕಿಗೆ ಹೋದ. 421ರಲ್ಲಿ 124 ಕಳೆದರೆ 297. 752ರಲ್ಲಿ 257 ಕಳೆದರೆ 495. 863ರಲ್ಲಿ 368 ಕಳೆದರೂ 495. "ಮಾಮಾ, ನಡುವ ಯಾವಾಗ್ಲೂ ಒಂಬತ್ತ ಕುಂದರತೈತಿ. ಆ ಕಡಿ ಈ ಕಡಿ ಕೂಡಿದ್ರೂ ಒಂಬತ್ತ" ಎಂದ. ನನಗೆ ಇದರ ಉತ್ತರ ಗೊತ್ತಿಲ್ಲ. ನಡುವಿನ ಅಂಕಿ ಏನಾಯಿತು?

ಸಪ್ತಾಪುರದವ

ನಡುವಿನ ಅಂಕಿ ತಿರುಗಿಸಿದರೂ ನಡುವೆಯೇ ಇರುತ್ತದೆ, ಕಳೆದಾಗ ಹೊರಟುಹೋಗುತ್ತದೆ. ಅದು ಏನಿದ್ದರೂ ಫರಕಿಗೆ ಸಂಬಂಧವೇ ಇಲ್ಲ. 752, 712, 792, ಎಲ್ಲದಕ್ಕೂ 495. ಉಳಿಯೋದು ನೂರರ ನೋಟು ಹೋಗಿ ಒಂದರ ನಾಣ್ಯ ಬರೋದು ಮಾತ್ರ, ಅಂದರೆ ಸಲಕ್ಕೆ 99. ಹಾಗಾಗಿ ಮೂರಂಕಿಯಲ್ಲಿ ಬರೋದು ಬರೀ 99ರ ಮಗ್ಗಿ: 99, 198, 297, 396, 495, ಹೀಗೆ 891ರ ತನಕ. ಒಂಬತ್ತೇ ಉತ್ತರ, ಸೊನ್ನೆ ಬಿಟ್ಟು. 99ನ್ನು 099 ಎಂದು ಬರೆದುಕೊಂಡರೆ ನಡುವೆ ಒಂಬತ್ತು ಯಾಕೆ ಬರುತ್ತದೆ ಅಂತ ಈಗ ಅವನೇ ಹೇಳುತ್ತಾನೆ. ನೂರರಲ್ಲಿ ಒಂದು ಕಳೆಯೋದನ್ನು ಮತ್ತೆ ಮತ್ತೆ ಮಾಡಿದ್ದಾನಷ್ಟೆ.

ಮೂರನೇ ಬೆಂಚು

ಹಾಗಾದರೆ ನಾಲ್ಕಂಕಿಗೆ 999ರ ಮಗ್ಗಿ?

ಸಪ್ತಾಪುರದವ

ಎಲ್ಲರೂ ಹಾಗೇ ಊಹೆ ಮಾಡುತ್ತಾರೆ. 4321ರಲ್ಲಿ 1234 ಕಳೆದು ನೋಡಿ. 3087. ಒಂಬತ್ತರಿಂದ ಭಾಗವಾಗುತ್ತದೆ, 343. 999ರಿಂದ ಆಗುವುದಿಲ್ಲ, 99ರಿಂದಲೂ ಆಗುವುದಿಲ್ಲ. ಇಲ್ಲಿ ಸಾವಿರ ಒಂದಾಗುತ್ತದೆ, ನಡುವೆ ನೂರು ಹತ್ತಾಗುತ್ತದೆ. 999 ಒಂದು ಕಡೆ, 90 ಇನ್ನೊಂದು ಕಡೆ. ಎರಡಕ್ಕೂ ಸಾಮಾನ್ಯವಾಗಿ ಇರೋದು ಒಂಬತ್ತು ಮಾತ್ರ. ಐದಂಕಿಗೆ ಹೋದರೆ 99 ಮತ್ತೆ ವಾಪಸ್ ಬರುತ್ತದೆ: 9999 ಮತ್ತು 990. ಬೆಸ ಅಂಕಿಗೆ 99, ಸಮ ಅಂಕಿಗೆ 9.

ಗಿರ್ಮಿಟ್

44ನ್ನು ತಿರುಗಿಸಿದರೆ 44. ಕಳೆದರೆ ಸೊನ್ನೆ. ಸೊನ್ನೆ ಒಂಬತ್ತರ ಮಗ್ಗಿಯಲ್ಲಿ ಎಲ್ಲಿದೆ ತೋರಿಸಿ. ನಮ್ಮ ಮಗ್ಗಿ ಒಂಬತ್ತೊಂದಲೆಯಿಂದ ಶುರು.

ಅಡತಿ ಗುಮಾಸ್ತ

ಫರಕು ಸೊನ್ನೆ ಬಂದರೆ ಮನೆಗೆ ಹೋಗಿ ಮಲಗಿ. ಮಗ್ಗಿ ಯಾಕೆ ಬೇಕು?

ಸಪ್ತಾಪುರದವ

ಒಂಬತ್ತು ಸೊನ್ನೆಲೆ ಸೊನ್ನೆ. ಗುಣಕ ಅಂತಲೇ ಲೆಕ್ಕ.

ಗಿರ್ಮಿಟ್

ನಾನು ಒಪ್ಪಲ್ಲ. ಹಾಗಾದರೆ ಸೊನ್ನೆ ಎಲ್ಲದರ ಗುಣಕ, ಅದರಲ್ಲಿ ಒಂಬತ್ತರ ಹೆಚ್ಚುಗಾರಿಕೆ ಏನು?

ಸಪ್ತಾಪುರದವ

ಏನೂ ಇಲ್ಲ. ಆದರೂ ಗುಣಕವೇ.

ಶುಭಾಂಕ ಒಂಬತ್ತು

ನೀವು ಹಿರಿಯರನ್ನು ತಮಾಷೆ ಮಾಡಿದಿರಿ, ಇರಲಿ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಸಂಖ್ಯೆಗಳನ್ನು ಹಾರ ಎಂದು ಕರೆದು ಗುಣಾಕಾರದ ಲೆಕ್ಕ ಕೊಟ್ಟಿದ್ದಾರೆ. 152207ನ್ನು 73ರಿಂದ ಗುಣಿಸಿ ನೋಡಿ.

ಮೂರನೇ ಬೆಂಚು

11111111. ಎಂಟು ಒಂದುಗಳು! ಇದು ಮಸ್ತ್ ಇದೆ ಸರ್.

ಸಪ್ತಾಪುರದವ

ಇದನ್ನು ಪೂರ್ತಿ ಒಪ್ಪುತ್ತೇನೆ. ಇದರಲ್ಲಿ ನವಗ್ರಹ ಇಲ್ಲ, ಲೆಕ್ಕ ಇದೆ.

ಬೆಟಗೇರಿ ಮಗ್ಗದ ಮನೆ

ಒಂದು ಮಾತು ಕೇಳ್ತೀನಿ, ಬೇಜಾರಾಗಬೇಡಿ ಮಾಮಾ. ಆ ಅಜ್ಜಿಗೆ ಯಾರಾದರೂ ಹೋಗಿ ಹೇಳಿದಿರಾ? ತಪ್ಪಾಗಿದ್ದು ಅವರ ಪುಸ್ತಕದಲ್ಲಿ, ಆದರೆ ಬರೆದವನು ಹುಡುಗ. ಅವರಿಗೆ ಅಂಕಿ ಓದೋಕೆ ಬರುತ್ತದಾ ಇಲ್ಲವಾ? ಬರದೇ ಇದ್ದರೆ ನೀವು 85 ಸರಿ ಎಂದರೂ ಅವರಿಗೆ 27 ರೂಪಾಯಿ ಜಾಸ್ತಿ ಕೇಳಿದ ಹಾಗೇ ಅಲ್ವಾ?

ಹುಬ್ಬಳ್ಳಿ ಮಾಮಾ

ನಿಜ ಅಕ್ಕ. ಅವರಿಗೆ ಓದೋಕೆ ಬರುವುದಿಲ್ಲ. ಮೊಮ್ಮಗಳು ಓದಿ ಹೇಳುತ್ತಾಳೆ. ಚಹಾಪುಡಿ, ಬೆಲ್ಲ, ಸೋಪು ಎಂದು ಒಂದೊಂದೇ ಹೇಳಿದ ಮೇಲೆ ಅಜ್ಜಿ ಒಪ್ಪಿದರು. ಆದರೆ ಸೋಪು ತಾನು ಒಯ್ದಿಲ್ಲ, ಅವತ್ತು ಸೊಸೆ ಬಂದಿದ್ದಳು ಎಂದು ಈಗಲೂ ಹೇಳುತ್ತಾರೆ. ಅಕ್ಕ ಹತ್ತು ರೂಪಾಯಿ ಬಿಟ್ಟಳು.

ಈ ತಿಂಗಳು ಬೇರೆ ಮನೆಯದ್ದು ಫರಕು ಬಂದಿದೆ. 35 ರೂಪಾಯಿ. ಅಂಗಡಿಯಲ್ಲಿ ಜಾಸ್ತಿ, ಅವರ ಪುಸ್ತಕದಲ್ಲಿ ಕಡಿಮೆ. ಹುಡುಗ ಒಂಬತ್ತರಿಂದ ಭಾಗಿಸಿ "ಹೋಗಂಗಿಲ್ಲ, ನಾ ತಿರುವಿ ಬರದಿಲ್ಲ" ಎಂದು ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದಾನೆ.

ಅಡತಿ ಗುಮಾಸ್ತ

ಬರೀ ಅದಲು ಬದಲಿನಿಂದ 35 ಬರುವುದಿಲ್ಲ, ಅಷ್ಟು ಖಾತ್ರಿ. ಅದಲು ಬದಲಿನ ಜೊತೆ ಬೇರೆ ತಪ್ಪು ಸೇರಿದ್ದರೆ ಬರಬಹುದು, ಹಾಗಾಗಿ ಎದೆ ಪೂರ್ತಿ ಉಬ್ಬಿಸುವುದು ಬೇಡ.

ಮೊದಲು ಅಂಗಡಿ ಪುಸ್ತಕದಲ್ಲಿ 35 ಎಂಬ ಸಾಲು ಇದೆಯಾ ನೋಡಿ. ಇದ್ದರೆ ಅವರ ಪುಸ್ತಕದಲ್ಲಿ ಅದನ್ನು ಬರೆಯೋದು ಮರೆತಿರಬಹುದು. ಆಮೇಲೆ ಜಮಾ ನೋಡಿ. ಅವರು ಕೊಟ್ಟ ದುಡ್ಡನ್ನು ಜಮಾ ಬದಲು ಉದ್ರಿಗೆ ಬರೆದರೆ ಫರಕು ಆ ದುಡ್ಡಿನ ಎರಡರಷ್ಟು ಬರುತ್ತದೆ. ಆದರೆ 35 ಬೆಸ ಸಂಖ್ಯೆ. ಹದಿನೇಳೂವರೆ ರೂಪಾಯಿ ಯಾರಾದರೂ ಕೊಡುತ್ತಾರಾ?

ಹುಬ್ಬಳ್ಳಿ ಮಾಮಾ

35ರ ಸಾಲು ಇದೆ. ಹೋದ ಬುಧವಾರದ್ದು, ಅಡುಗೆ ಎಣ್ಣೆ ಬಿಡಿಯಾಗಿ ಕೊಟ್ಟಿದ್ದು. ಅಕ್ಷರ ಹುಡುಗನದ್ದಲ್ಲ, ಭಾವನದ್ದು. ಭಾವ ಹೇಳುವುದು, "ಅವರ ಪುಸ್ತಕ ಅವತ್ತು ತಂದೇ ಇರಲಿಲ್ಲ". ಆ ಮನೆಯವರು ಹೇಳುವುದು, "ಅವತ್ತು ಎಣ್ಣೆಗೆ ರೊಕ್ಕ ಕೊಟ್ಟೇವಿ".

ಗಿರ್ಮಿಟ್

ಇದಕ್ಕೆ ಯಾವ ಮಗ್ಗಿ ಇದೆ ಸಪ್ತಾಪುರ ಸರ್?

ಸಪ್ತಾಪುರದವ

ಇದು ಗುಮಾಸ್ತರ ವಿಷಯ, ನಾನು ಸುಮ್ನೆ ಇರ್ತೀನಿ.

ಅಡತಿ ಗುಮಾಸ್ತ

ಎಣ್ಣೆ ಡಬ್ಬಿ ಹಿಂದಿನ ದಿನ ಎಷ್ಟಿತ್ತು ಅಂತ ಬರೆದಿಡುತ್ತಾರಾ ನಿಮ್ಮ ಭಾವ?

ಹುಬ್ಬಳ್ಳಿ ಮಾಮಾ

ಇಲ್ಲ. ಹುಡುಗ ಇವತ್ತಿನಿಂದ ಬರೆಯೋಕೆ ಶುರು ಮಾಡಿದ್ದಾನೆ. ಭಾವನ ಮುಖ ನೋಡಬೇಕಿತ್ತು.